ಕರೆಯುವ ಮೇಕೆಯ ಒಂದು ದಿನ

ಮರಿ ಹಾಕಿದ ನಾಲ್ಕರಿಂದ ಎಂಟನೆಯ ವಾರದೊಳಗೆ ಮೇಕೆಯ ಹಾಲು ಅತಿ ಹೆಚ್ಚಿನ ಮಟ್ಟ ಮುಟ್ಟುತ್ತದೆ. ಹಸಿವು ಮಾತ್ರ ಅಷ್ಟು ಬೇಗ ಏರುವುದಿಲ್ಲ. ಈ ನಡುವಿನ ಕೊರತೆಯನ್ನು ಮೇಕೆ ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಆದ್ದರಿಂದ ಚೆನ್ನಾಗಿ ಕರೆಯುವ ಮೇಕೆ ಸ್ವಲ್ಪ ಸೊರಗುವುದು ಸಹಜ. ಆದರೆ ಸೊಂಟದ ಬಳಿ ಕೈಯಾಡಿಸಿದಾಗ ಬೆನ್ನೆಲುಬು ಗರಗಸದ ಹಲ್ಲಿನಂತೆ ಚುಚ್ಚತೊಡಗಿದರೆ ಒಳಗಿನ ಕೂಡಿಟ್ಟ ಗಂಟು ಕರಗಿದೆ ಎಂದೇ ಅರ್ಥ. ಅಲ್ಲಿಂದ ಹಾಲು ಇಳಿಯುತ್ತದೆ, ಮತ್ತೆ ಮೊದಲಿನಷ್ಟಕ್ಕೆ ಏರುವುದು ಕಷ್ಟ.

ನಲವತ್ತು ಕೆಜಿ ತೂಗುವ, ದಿನಕ್ಕೆ ಒಂದೂವರೆ ಲೀಟರ್ ಕೊಡುವ ಒಂದು ಜಮುನಾಪಾರಿ ಬೆರಕೆ ಮೇಕೆಯನ್ನೇ ತೆಗೆದುಕೊಳ್ಳೋಣ. ನೀರಿನಂಶ ಕಳೆದು ಲೆಕ್ಕ ಹಾಕಿದರೆ ಇದಕ್ಕೆ ದಿನಕ್ಕೆ ಸುಮಾರು 1.8ರಿಂದ 2 ಕೆಜಿ ಒಣಪದಾರ್ಥ ಬೇಕು. ಅಂದರೆ ಸುಮಾರು 4 ಕೆಜಿ ಹಸಿಮೇವು, ಅರ್ಧ ಕೆಜಿಯಷ್ಟು ಹುರುಳಿ ಹೊಟ್ಟು ಅಥವಾ ಶೇಂಗಾ ಬಳ್ಳಿ, ಜೊತೆಗೆ ಹಿಂಡಿ-ಬೂಸಾದ ಕೈತಿಂಡಿ. ಹಸಿಮೇವಿನಲ್ಲಿ ಅಗಸೆ, ನುಗ್ಗೆ, ಹಲಸಿನ ಸೊಪ್ಪು, ಕುದುರೆ ಮಸಾಲೆ ಎಲ್ಲವೂ ಒಳ್ಳೆಯವು. ಸುಬಾಬುಲ್ ಕೂಡ ಆದೀತು, ಆದರೆ ಅದರಲ್ಲಿ ಮೈಮೋಸಿನ್ ಎಂಬ ವಿಷಾಂಶ ಇರುವುದರಿಂದ ಒಟ್ಟು ಸೊಪ್ಪಿನ ಮೂರನೇ ಒಂದು ಪಾಲು ಮೀರದಿರಲಿ. ಸೊಪ್ಪನ್ನು ನೆಲಕ್ಕೆ ಹಾಕದೆ ಕಟ್ಟು ಮಾಡಿ ತಲೆಯೆತ್ತರಕ್ಕೆ ತೂಗುಹಾಕಬೇಕು. ತುಳಿದ ಸೊಪ್ಪನ್ನು ಮೇಕೆ ಮೂಸಿ ಬಿಟ್ಟುಬಿಡುತ್ತದೆ.

ಕೈತಿಂಡಿಯ ಲೆಕ್ಕ ಹೀಗಿದೆ: ಮೈ ಉಳಿಸಿಕೊಳ್ಳಲು 200 ಗ್ರಾಂ, ಪ್ರತಿ ಲೀಟರ್ ಹಾಲಿಗೆ ಸುಮಾರು 350 ಗ್ರಾಂ. ಒಂದೂವರೆ ಲೀಟರಿಗೆ ಒಟ್ಟು 725 ಗ್ರಾಂ ಆಯಿತು. ನೂರು ಕೆಜಿ ಮಿಶ್ರಣಕ್ಕೆ ಮುಸುಕಿನ ಜೋಳದ ನುಚ್ಚು 45, ಶೇಂಗಾ ಹಿಂಡಿ 25, ಗೋಧಿ ಬೂಸಾ 27, ಖನಿಜ ಮಿಶ್ರಣ 2, ಉಪ್ಪು 1 ಕೆಜಿ ಹಾಕಬಹುದು. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಕಡ್ಡಾಯವಾಗಿ ಎಸೆಯಿರಿ.

ಹಾಲು ಕಂಡ ಖುಷಿಗೆ ಈ ತಿಂಡಿಯನ್ನು ಒಮ್ಮೆಗೇ ಹೆಚ್ಚಿಸುವುದರಿಂದಲೇ ಎಷ್ಟೋ ಮೇಕೆಗಳು ಹಾಳಾಗುತ್ತವೆ. ಹಬ್ಬದಂದು ಉಳಿದ ಅನ್ನ, ಮುದ್ದೆ, ಹಿಟ್ಟು ಸುರಿದರೂ ಅಷ್ಟೇ. ಪಿಷ್ಟ ಹೊಟ್ಟೆಯಲ್ಲಿ ಹುಳಿಯಾಗಿ ನಾರು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಹಿಕ್ಕೆ ಗಟ್ಟಿಯಾಗಿ ಬೀಳದೆ ತೆಳ್ಳಗಾಗುತ್ತದೆ, ಮೇಕೆ ಹಲ್ಲು ಕಡಿಯುತ್ತದೆ. ಆಗ ತಿಂಡಿ ನಿಲ್ಲಿಸಿ, ಒಣಮೇವು ಮಾತ್ರ ಕೊಟ್ಟು, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ತಿಂಡಿ ಹೆಚ್ಚಿಸುವುದಿದ್ದರೆ ಹತ್ತು-ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ, ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ ಕೊಡಿ. ನೀರನ್ನಂತೂ ಅಳೆಯುವುದೇ ಬೇಡ, ಸದಾ ಮುಂದಿರಲಿ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ, ಹಾಗಾಗಿ ತೊಟ್ಟಿ ಗಲೀಜಾದ ದಿನವೇ ಹಾಲು ಕಡಿಮೆಯಾಗುವುದುಂಟು.

ಈ ಎರಡು ಹೊತ್ತಿನ ತಿಂಡಿಯೇ ಕರೆಯುವ ಹೊತ್ತನ್ನೂ ಗೊತ್ತುಮಾಡುತ್ತದೆ. ಬೆಳಗ್ಗೆ ಆರು, ಸಂಜೆ ಆರು ಎಂದಾದರೆ ದಿನವೂ ಅದೇ ಇರಲಿ. ಹಲಗೆ ಕಟ್ಟೆಯ ಮೇಲೆ ಮೇಕೆಯನ್ನು ನಿಲ್ಲಿಸಿ ತಿಂಡಿಯ ಬಟ್ಟಲು ಮುಂದಿಡಿ. ಕೈ ಸೋಪಿನಿಂದ ತೊಳೆದು, ಕೆಚ್ಚಲನ್ನು ಬೆಚ್ಚನೆಯ ನೀರಲ್ಲಿ ಒರೆಸಿ, ಪ್ರತಿ ಮೇಕೆಗೂ ಬೇರೆ ಬಟ್ಟೆಯಿಂದ ಒಣಗಿಸಿ. ಒದ್ದೆ ಕೆಚ್ಚಲಿನಿಂದ ಇಳಿಯುವ ಕೊಳೆನೀರು ನೇರ ಪಾತ್ರೆಗೇ ಬೀಳುತ್ತದೆ. ಮೊದಲ ಎರಡು ಮೂರು ಚಿಮ್ಮುಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಬಿಡಿ. ಹೆಪ್ಪಿನ ಚೂರು, ದಾರದಂಥ ಎಳೆ, ರಕ್ತದ ಛಾಯೆ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಕೆಚ್ಚಲು ಮುಟ್ಟಿದ ನಿಮಿಷದಲ್ಲೇ ಮೇಕೆ ಸೊರ ಬಿಡುತ್ತದೆ. ಅದು ಕೆಲವೇ ನಿಮಿಷದ ಮಾತು. ಹೆಬ್ಬೆಟ್ಟು ಮಡಿಸಿ ಎಳೆದರೆ ಮೊಲೆಯ ಒಳಗೋಡೆಗೆ ಪೆಟ್ಟಾಗುತ್ತದೆ. ಹೆಬ್ಬೆಟ್ಟು-ತೋರುಬೆರಳಿನಿಂದ ಮೊಲೆಯ ಬುಡವನ್ನು ಒತ್ತಿ ಮುಚ್ಚಿ, ಉಳಿದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಇಡೀ ಮುಷ್ಟಿಯಿಂದ ಕರೆಯಬೇಕು. ಕೊನೆಯಲ್ಲಿ ಅಯೋಡಿನ್ ದ್ರಾವಣದಲ್ಲಿ ಮೊಲೆತುದಿಯನ್ನು ಅದ್ದಿ. ಅದರ ಬಾಯಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಹೊಸ ಸೊಪ್ಪಿನ ಕಟ್ಟನ್ನು ಆಗಲೇ ತೂಗುಹಾಕಿದರೆ ಅಷ್ಟು ಹೊತ್ತು ಮೇಕೆ ಕೊಟ್ಟಿಗೆಯ ನೆಲಕ್ಕೆ ಮಲಗದೆ ನಿಂತೇ ಮೇಯುತ್ತದೆ. ಕೆಚ್ಚಲ ಬಾವಿನ ರೋಗಾಣುಗಳು ಎಷ್ಟೋ ಬಾರಿ ನೆಲದಿಂದಲೇ ಒಳಸೇರುತ್ತವೆ.

ಹಾಲಿಗೆ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಹೋತ ಕಟ್ಟಿರುವ ಜಾಗ. ಅದನ್ನು ಹಾಲಿನ ಮೇಕೆಗಳಿಂದ ದೂರ ಕಟ್ಟಿ. ಕರೆದ ಕೂಡಲೇ ಮಲ್ಲು ಬಟ್ಟೆಯಲ್ಲಿ ಸೋಸಿ ಪಾತ್ರೆಯನ್ನು ತಣ್ಣೀರಿನಲ್ಲಿಡಿ, ಕುಡಿಯುವ ಮುನ್ನ ಕಾಯಿಸಿ.

ಗೋಡೆಯ ಮೇಲೆ ಎರಡೂ ಹೊತ್ತಿನ ಅಳತೆ ಬರೆದಿಡುವ ರೂಢಿ ನನಗೆ ತುಂಬಾ ಇಷ್ಟ. ಎರಡೂ ಮೊಲೆಯ ಹಾಲು ಸಮವಾಗಿ ಇಳಿದರೆ ಮೇವು-ನೀರಿನ ಕಡೆ ನೋಡಿ. ಒಂದೇ ಪಕ್ಕ ಇಳಿದು, ಆ ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ ಅದು ಕೆಚ್ಚಲ ಬಾವು. ಅಂಥ ಮೇಕೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕರೆದು, ಔಷಧಿ ಕೊಡುವ ಮೊದಲೇ ಹಾಲಿನ ಮಾದರಿಯನ್ನು ಶುಚಿಯಾದ ಸೀಸೆಯಲ್ಲಿ ಹಿಡಿದು ವೈದ್ಯರಿಗೆ ಕೊಡಿ. ಚಿಕಿತ್ಸೆಯ ದಿನಗಳ ಹಾಲನ್ನು, ವೈದ್ಯರು ಹೇಳಿದ ಅವಧಿ ಮುಗಿಯುವವರೆಗೂ, ಮಾರುವಂತಿಲ್ಲ, ಕುಡಿಯುವಂತಿಲ್ಲ.