ಮೂಗಿಗಿಂತ ಮೂಗುತಿ ಭಾರ! ಹಳೇ ಕಾರಿಗೆ ಕರೆಂಟ್ ಕಿಟ್: ಅಡ್ವಾನ್ಸ್ ಕೊಡುವ ಮುನ್ನ ಲೆಕ್ಕ ನೋಡಿ

ದೊಡ್ಡಬಳ್ಳಾಪುರ: ಪೆಟ್ರೋಲ್ ಹಾಕಿ ಹಾಕಿ ಸುಸ್ತಾದ ಕಾರು ಮಾಲೀಕರ ಕಿವಿಗೆ ಈಗ ಹೊಸ ಮಾತೊಂದು ಬೀಳುತ್ತಿದೆ. ಹಳೇ ಕಾರಿನ ಎಂಜಿನ್ ಬಿಚ್ಚಿಸಿ, ಆ ಜಾಗಕ್ಕೆ ಮೋಟಾರು ಕೂರಿಸಿ, ಡಿಕ್ಕಿಯಲ್ಲಿ ಬ್ಯಾಟರಿ ಇಟ್ಟರೆ ಮುಗೀತು, ಕಿಲೋಮೀಟರಿಗೆ ಒಂದು ರೂಪಾಯಿ ಖರ್ಚಷ್ಟೇ ಅಂತ! ಮಾತಿನಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿ ನಿಜವೂ ಇಲ್ಲ. ಕಾರಿಗೆ ಮಾರುಕಟ್ಟೆಯಲ್ಲಿ ಒಂದು ಲಕ್ಷ ಬಂದರೆ ಹೆಚ್ಚು, ಕಿಟ್ಟಿಗೆ ನಾಲ್ಕರಿಂದ ಆರು ಲಕ್ಷ. ಇಷ್ಟು ದುಡ್ಡು ಸುರಿಯುವ ಮುನ್ನ ನಾಲ್ಕು ವಿಷಯ ತಿಳಿದಿರಬೇಕು: ಕಾನೂನು, ಓಟ, ಖರ್ಚು, ವಿಮೆ.

ಕಾನೂನು ಏನನ್ನುತ್ತೆ?

ಪೆಟ್ರೋಲ್ ಕಾರನ್ನು ಕರೆಂಟ್ ಕಾರು ಮಾಡುವುದು ಅಪರಾಧವಲ್ಲ. ಆದರೆ ಯಾರು ಬೇಕಾದರೂ, ಯಾವ ಕಿಟ್ ಬೇಕಾದರೂ ಹಾಕುವಂತಿಲ್ಲ. 1990ರ ಜನವರಿ 1ರ ನಂತರ ತಯಾರಾದ ಗಾಡಿಗೆ ಮಾತ್ರ ಅವಕಾಶ. ಅದಕ್ಕಿಂತ ಹಿಂದಿನ ಅಪ್ಪನ ಕಾಲದ ಫಿಯೆಟ್ಟನ್ನು ಮನೆಯ ಮುಂದೆ ಅಂದಕ್ಕೆ ಇಟ್ಟುಕೊಳ್ಳಬಹುದು, ಅಷ್ಟೆ. ಕಿಟ್ಟನ್ನು ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಸರ್ಕಾರ ಒಪ್ಪಿದ ಸಂಸ್ಥೆ ಎಐಎಸ್-123 ಎಂಬ ನಿಯಮದಂತೆ ಪರೀಕ್ಷಿಸಿ ಮಂಜೂರು ಮಾಡಿರಬೇಕು. ಕೂಡಿಸುವವರಿಗೂ ಕಿಟ್ ತಯಾರಕರ ಅಧಿಕಾರ ಪತ್ರ ಇರಬೇಕು.

ಜನ ಎಡವುವುದು ಇಲ್ಲೇ. "ಎಲ್ಲಾ ಅಪ್ರೂವ್ ಆಗಿದೆ ಸಾರ್, ತಲೆ ಕೆಡಿಸ್ಕೋಬೇಡಿ" ಎನ್ನುವುದು ವ್ಯಾಪಾರಿಯ ಮಾಮೂಲು ಮಾತು. ತೋರಿಸುವ ಕಾಗದ ನೋಡಿದರೆ ಅದು ಬ್ಯಾಟರಿಯೊಂದರ ಸರ್ಟಿಫಿಕೇಟ್ ಆಗಿರಬಹುದು, ಇಲ್ಲವೇ ಮೋಟಾರಿನದು. ಬೇಕಾದ್ದು ಪೂರ್ತಿ ಕಿಟ್ಟಿನ ಮಂಜೂರಾತಿ. ಅದರಲ್ಲಿ ನಿಮ್ಮ ಕಾರಿನ ಕಂಪನಿ, ಮಾಡೆಲ್ ಎರಡೂ ಹೆಸರಿಸಿ ಬರೆದಿರಬೇಕು. ಡಿಸೈರ್‌ಗೆ ಮಂಜೂರಾದ ಕಿಟ್ ಆಲ್ಟೋಗೆ ಸಲ್ಲದು.

ಕೆಲಸ ಮುಗಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ, ಆರ್‌ಸಿಯಲ್ಲಿ ಪೆಟ್ರೋಲ್ ಎಂಬುದನ್ನು ಎಲೆಕ್ಟ್ರಿಕ್ ಎಂದು ತಿದ್ದಿಸಬೇಕು. ಆಗ ಬಿಳಿ ನಂಬರ್ ಪ್ಲೇಟ್ ಹೋಗಿ ಹಸಿರು ಪ್ಲೇಟ್ ಬರುತ್ತದೆ. ಕಾನೂನಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ, 2019ರ ತಿದ್ದುಪಡಿಯ ಪ್ರಕಾರ, ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಶಿಕ್ಷೆ ಮಾಲೀಕನಿಗೆ ಎಂಬುದು ನೆನಪಿರಲಿ.

ಎಷ್ಟು ದೂರ ಓಡುತ್ತೆ?

ದೊಡ್ಡಬಳ್ಳಾಪುರದ ಒಬ್ಬ ಸೀರೆ ವ್ಯಾಪಾರಿಯ ಲೆಕ್ಕ ಹಾಕೋಣ. 2012ರ ಆಲ್ಟೋ ಕಾರು. ವಾರಕ್ಕೆರಡು ಸಲ ಚಿಕ್ಕಪೇಟೆಗೆ ಹೋಗಿಬರಬೇಕು. ಹೋಗೋದು 40 ಕಿ.ಮೀ., ಬರೋದು 40. ಉಳಿದ ನಾಲ್ಕು ದಿನ ಊರೊಳಗೆ ದಿನಕ್ಕೆ 15 ಕಿ.ಮೀ.

ಕಿಟ್ಟಿನ ಬ್ಯಾಟರಿ 15 ಯೂನಿಟ್ ಹಿಡಿಯುತ್ತೆ ಅನ್ನಿ. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಬ್ಯಾಟರಿಯನ್ನು ತಳ ಕಾಣುವ ತನಕ ಬಳಸಬಾರದಾದ್ದರಿಂದ ಕೈಗೆ ಸಿಗುವುದು 13. ಸಣ್ಣ ಕಾರು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ಅಲ್ಲಿಗೆ 91 ಕಿ.ಮೀ. ಆಯಿತು. ಚಿಕ್ಕಪೇಟೆಗೆ ಹೋಗಿಬಂದು ಇನ್ನೂ 11 ಕಿ.ಮೀ. ಉಳಿಯಿತು!

ಆದರೆ ಇದು ಹೊಸ ಬ್ಯಾಟರಿಯ ಮಾತು. ವರ್ಷ ಕಳೆದಂತೆ ಬ್ಯಾಟರಿ ಸೊರಗುತ್ತದೆ. ಶಕ್ತಿ ನೂರಕ್ಕೆ ಎಂಬತ್ತಕ್ಕೆ ಇಳಿದ ದಿನ ಅದೇ ಕಾರು ಓಡುವುದು 73 ಕಿ.ಮೀ. ಅಂದರೆ ರಾಜಾನುಕುಂಟೆ ದಾಟಿ, ಊರು ಸೇರುವ ಮುಂಚೆಯೇ ಗಾಡಿ ನಿಲ್ಲುತ್ತದೆ. ಎಸಿ ಹಾಕಿದರೆ, ಹಿಂದಿನ ಸೀಟಿನಲ್ಲಿ ಸೀರೆ ಗಂಟು ಹೇರಿದರೆ ಇನ್ನೂ ಕಡಿಮೆ. ಹಾಗಾಗಿ ವ್ಯಾಪಾರಿ ಹೇಳಿದ ದೂರದಲ್ಲಿ ಮೂರನೇ ಎರಡು ಭಾಗವನ್ನಷ್ಟೇ ನಂಬಿ. ನಿಮ್ಮ ಓಡಾಟ ಅದರೊಳಗೆ ಬಂದರೆ ಮುಂದಿನ ಮಾತು.

ದುಡ್ಡು ಯಾವಾಗ ವಾಪಸ್?

ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಹಳೇ ಕಾರು ಕೊಡುವುದು 15 ಕಿ.ಮೀ. ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 6 ರೂ. 90 ಪೈಸೆ. ಕರೆಂಟಿನಲ್ಲಿ, ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ, ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1 ರೂ. 10 ಪೈಸೆ. ಕಿಲೋಮೀಟರಿಗೆ 5 ರೂ. 80 ಪೈಸೆ ಉಳಿತಾಯ. ಐದು ಲಕ್ಷದ ಕಿಟ್ ತನ್ನ ದುಡ್ಡು ತಾನು ದುಡಿಯಲು 86 ಸಾವಿರ ಕಿ.ಮೀ. ಓಡಬೇಕು.

ನಮ್ಮ ಸೀರೆ ವ್ಯಾಪಾರಿ ವಾರಕ್ಕೆ ಓಡುವುದು 220 ಕಿ.ಮೀ., ವರ್ಷಕ್ಕೆ ಹನ್ನೊಂದೂವರೆ ಸಾವಿರ. ಏಳೂವರೆ ವರ್ಷ ಬೇಕಾಯಿತು! ಅಷ್ಟರಲ್ಲಿ ಬ್ಯಾಟರಿ ಮುದಿಯಾಗಿರುತ್ತದೆ. ಕಾರಿನ ಬಾಡಿ ಮೊದಲೇ ಮುದಿ. ದಿನಾ 80 ಕಿ.ಮೀ. ಓಡುವವನಿಗೆ ಮೂರು ವರ್ಷದಲ್ಲಿ ದುಡ್ಡು ಬರುತ್ತದೆ ನಿಜ, ಆದರೆ ಅವನಿಗೆ ಬ್ಯಾಟರಿಯೇ ಸಾಲದು. ಕಮ್ಮಿ ಓಡಿದರೆ ಅಸಲು ಹುಟ್ಟುವುದಿಲ್ಲ, ಜಾಸ್ತಿ ಓಡಿದರೆ ಚಾರ್ಜ್ ಉಳಿಯುವುದಿಲ್ಲ. ಈ ಧಂದೆಯ ಗಂಟು ಇರುವುದೇ ಇಲ್ಲಿ.

ಇನ್ನೊಂದು ಏಟು ಮನೆಯ ಮೀಟರಿನಲ್ಲಿದೆ. ಈ ಕಾರಿಗೆ ತಿಂಗಳಿಗೆ 150 ಯೂನಿಟ್ ಬೇಕು. ಮನೆ ಖರ್ಚು 90 ಇದ್ದರೆ ಒಟ್ಟು 240. ಗೃಹಜ್ಯೋತಿಯ ಮಿತಿ 200. ಮಿತಿ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇಷ್ಟು ದಿನ ಪುಕ್ಕಟೆ ಬಂದ ಮನೆ ಕರೆಂಟಿಗೂ ಕಾಸು ಬಿಚ್ಚಬೇಕಾಗುತ್ತದೆ.

ಕಿಟ್ಟಿನ ಬೆಲೆಯೊಳಗೆ ಏನೇನಿದೆ ಎಂದೂ ಕೇಳಿ. ಎಂಜಿನ್ ಹೋದರೆ ಎಸಿ ಕಂಪ್ರೆಸರ್ ತಿರುಗಿಸುವವರಿಲ್ಲ. ಬ್ರೇಕಿಗೆ ವ್ಯಾಕ್ಯೂಮ್ ಬಲ ಕೊಡುವ ಗಾಡಿಯಾದರೆ ಅದೂ ಹೋಗುತ್ತದೆ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎರಡಕ್ಕೂ ಬೇರೆ ಕರೆಂಟ್ ಪಂಪ್, ಬೇರೆ ಕಂಪ್ರೆಸರ್ ಬೇಕು. "ಅದು ಎಕ್ಸ್‌ಟ್ರಾ ಸಾರ್" ಎಂಬ ಮಾತು ಕೊನೇ ದಿನ ಬರುವುದು ಬೇಡ.

2012ರ ಕಾರಿಗೆ 2027ಕ್ಕೆ 15 ವರ್ಷ ತುಂಬುತ್ತದೆ. ಕರೆಂಟ್ ಕಿಟ್ ಹಾಕಿಸಿದ ಮಾತ್ರಕ್ಕೆ ವಯಸ್ಸು ಇಳಿಯುವುದಿಲ್ಲ. ಆಗ ಗಾಡಿ ಪರೀಕ್ಷೆಯಲ್ಲಿ ಪಾಸಾಗಿ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸುತ್ತಿರಬೇಕು. ತಳ ತುಕ್ಕು ಹಿಡಿದ ಕಾರಿಗೆ ಕಿಟ್ ಹಾಕಿಸುವುದು ಬಿದ್ದುಹೋಗುವ ಗೋಡೆಗೆ ಸುಣ್ಣ ಬಳಿದಂತೆ.

ವಿಮೆಯ ಮರ್ಮ

ಥರ್ಡ್ ಪಾರ್ಟಿ ವಿಮೆಯಲ್ಲಿ ಉಳಿತಾಯ ಅಲ್ಪ. 2022ರ ಜೂನ್‌ನಲ್ಲಿ ಗೊತ್ತುಮಾಡಿದ ದರದಲ್ಲಿ 1000 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 30 ಕಿಲೋವ್ಯಾಟ್ ಒಳಗಿನ ಕರೆಂಟ್ ಕಾರಿಗೆ 1,780.

ದೊಡ್ಡ ಹೊಡೆತ ಇರುವುದು ಸ್ವಂತ ಗಾಡಿಯ ನಷ್ಟದಲ್ಲಿ. ಪಾಲಿಸಿಯಲ್ಲಿ ಹಳೇ ಕಾರಿನ ಬೆಲೆ 80 ಸಾವಿರ ಎಂದು ಬರೆದಿದ್ದರೆ, ಐದು ಲಕ್ಷದ ಕಿಟ್ ಸಮೇತ ಗಾಡಿ ಸುಟ್ಟುಹೋದರೂ ಲೆಕ್ಕ 80 ಸಾವಿರದ ಮೇಲೇ. ಮಾರ್ಪಾಡಿನ ಸಂಗತಿ ಕಂಪನಿಗೆ ತಿಳಿಸದೇ ಇದ್ದರೆ ಅದನ್ನೂ ಕೊಡಲು ತಕರಾರು ಬರುತ್ತದೆ. ಗ್ಯಾಸ್ ಕಿಟ್ ಹಾಕಿಸಿದವರು ಪಾಲಿಸಿಯಲ್ಲಿ ಬರೆಸಿಕೊಳ್ಳುವಂತೆ ಇಲ್ಲೂ ಕಿಟ್ಟಿನ ಬೆಲೆ ಸೇರಿಸಿ ಬರೆಸಬೇಕು. ಹಳೇ ಕಾರಿನ ಬೆಲೆ ಕಂಪನಿ ಮತ್ತು ಮಾಲೀಕ ಮಾತಾಡಿ ಗೊತ್ತುಮಾಡುವಂಥದು. ಅದಕ್ಕೆ ಕಂಪನಿ ಒಪ್ಪುತ್ತದೋ ಇಲ್ಲವೋ ಎಂಬುದನ್ನು ಕಿಟ್ ಕೊಂಡ ಮೇಲಲ್ಲ, ಮುಂಚೆಯೇ ಬರವಣಿಗೆಯಲ್ಲಿ ಕೇಳಬೇಕು.

ಮೊದಲು ಯಾವ ಬಾಗಿಲು?

ಆದ್ದರಿಂದ ಓಡಾಟದ ಕ್ರಮ ಹೀಗಿರಲಿ. ಮೊದಲು ವ್ಯಾಪಾರಿಯಿಂದ ಕಿಟ್ಟಿನ ಮಂಜೂರಾತಿ ಪತ್ರದ ಮತ್ತು ಕೂಡಿಸುವವರ ಅಧಿಕಾರ ಪತ್ರದ ನಕಲು ತೆಗೆದುಕೊಳ್ಳಿ. ಅದನ್ನು ಆರ್‌ಸಿ ಜೊತೆ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ದೇವನಹಳ್ಳಿಯ ಕೆಎ-43 ಆಗಲಿ, ನೆಲಮಂಗಲದ ಕೆಎ-52 ಆಗಲಿ. ಈ ಕಿಟ್ಟಿಗೆ ಆರ್‌ಸಿ ತಿದ್ದಿಕೊಡುತ್ತೀರಾ ಎಂದು ಅರ್ಜಿ ಬರೆದು ಕೇಳಿ. ಆಮೇಲೆ ವಿಮೆ ಕಚೇರಿ. ಎರಡೂ ಕಡೆ ಹೂಂ ಎಂದ ಮೇಲೆ ಅಡ್ವಾನ್ಸ್. ನಕಲು ಕೊಡಲು ವ್ಯಾಪಾರಿ ಇವತ್ತು ನಾಳೆ ಎಂದರೆ, ಅಲ್ಲಿಗೇ ಕೈ ಮುಗಿದು ವಾಪಸ್ ಬರುವುದು ಲಾಭ.