ಬಂಡವಾಳ ಬಂದ ಮರುದಿನ ಬರೆಯುವ ಪತ್ರ

2024ರ ಜೂನ್‌ನಲ್ಲಿ ಜೆಪ್ಟೊ ಕಂಪನಿ 66.5 ಕೋಟಿ ಡಾಲರ್ ಬಂಡವಾಳ ಪಡೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಗಸ್ಟ್‌ನಲ್ಲಿ ಮತ್ತೆ 34 ಕೋಟಿ, ನವೆಂಬರ್‌ನಲ್ಲಿ ಇನ್ನೂ 35 ಕೋಟಿ. ಇಂಥ ಸುದ್ದಿ ಬಂದ ದಿನ ಸ್ಥಾಪಕರ ಮೇಲ್‌ಪೆಟ್ಟಿಗೆಗೆ ಎಂಥ ಪತ್ರಗಳು ಬಂದು ಬೀಳುತ್ತವೆ ಎಂಬುದು ಸ್ಟಾರ್ಟಪ್ ನಡೆಸಿದವರಿಗೆಲ್ಲ ಗೊತ್ತು. ಸಾಫ್ಟ್‌ವೇರ್ ಮಾರುವವರು, ಕಚೇರಿ ಜಾಗ ಕೊಡಿಸುವವರು, ಕೆಲಸಗಾರರನ್ನು ಹುಡುಕಿಕೊಡುವವರು, ಎಲ್ಲರ ಮೊದಲ ಸಾಲೂ ಒಂದೇ: ‘ಬಂಡವಾಳ ಬಂದ ಸುದ್ದಿ ನೋಡಿ ಸಂತೋಷವಾಯಿತು, ಅಭಿನಂದನೆಗಳು.’ ಎರಡನೇ ಸಾಲಿನಿಂದ ತಮ್ಮ ಸರಕಿನ ವರ್ಣನೆ.

ಪರಿಚಯವಿಲ್ಲದ ಕಂಪನಿಗೆ ಪತ್ರ ಬರೆಯಲು ಒಂದು ನೆವ ಬೇಕು. ಬಂಡವಾಳ ಬಂದದ್ದು, ಹೊಸ ಹುದ್ದೆಗಳ ಜಾಹೀರಾತು, ಹೊಸ ಊರಿನಲ್ಲಿ ಕಚೇರಿ ತೆರೆದದ್ದು, ಹೊಸ ಹಣಕಾಸು ಮುಖ್ಯಸ್ಥರು ಬಂದದ್ದು ಅಂಥ ನೆವಗಳು. ಮಾರಾಟದ ಕಸುಬಿನಲ್ಲಿ ಇವಕ್ಕೆ ‘ಟ್ರಿಗರ್’ ಎನ್ನುತ್ತಾರೆ. ಆದರೆ ನೆವ ಸಿಕ್ಕಿದ ಮಾತ್ರಕ್ಕೆ ಪತ್ರಕ್ಕೆ ಕಾರಣ ಸಿಕ್ಕಂತಲ್ಲ. ಪರೀಕ್ಷೆ ಸುಲಭ. ಪತ್ರದಿಂದ ಅಭಿನಂದನೆಯ ಸಾಲನ್ನು ತೆಗೆದುಹಾಕಿ ಉಳಿದದ್ದನ್ನು ಓದಬೇಕು. ಉಳಿದ ಭಾಗಕ್ಕೆ ಏನೂ ಕೊರತೆಯಾಗದಿದ್ದರೆ ಆ ಘಟನೆಗೂ ಆ ಪತ್ರಕ್ಕೂ ಸಂಬಂಧವೇ ಇರಲಿಲ್ಲ ಎಂದರ್ಥ. ಓದುವವರಿಗೂ ಅದು ಒಂದೇ ನೋಟಕ್ಕೆ ತಿಳಿಯುತ್ತದೆ.

ಜೆಪ್ಟೊದ ಜೂನ್ ಸುದ್ದಿಯಲ್ಲಿ ಬಂಡವಾಳದ ಮೊತ್ತದ ಜೊತೆಗೆ ಇನ್ನೊಂದು ಮಾಹಿತಿಯೂ ಇತ್ತು. ಆಗ ಸುಮಾರು 350ರಷ್ಟಿದ್ದ ಡಾರ್ಕ್ ಸ್ಟೋರ್‌ಗಳನ್ನು, ಅಂದರೆ ಗ್ರಾಹಕರು ಕಾಲಿಡದ, ಆನ್‌ಲೈನ್ ಆರ್ಡರ್‌ಗಷ್ಟೇ ಸಾಮಾನು ಜೋಡಿಸಿಡುವ ಮಳಿಗೆಗಳನ್ನು, 2025ರ ಮಾರ್ಚ್ ಹೊತ್ತಿಗೆ 700ಕ್ಕೆ ಏರಿಸುವುದಾಗಿ ಕಂಪನಿ ಹೇಳಿತ್ತು. ಶೀತಲ ಕೋಣೆ ಕಟ್ಟಿ ನಿರ್ವಹಿಸುವ ಒಬ್ಬ ಗುತ್ತಿಗೆದಾರರಿಗೆ 66.5 ಕೋಟಿ ಡಾಲರ್ ಎಂಬ ಅಂಕಿಯಿಂದ ಏನೂ ಗಿಟ್ಟುವುದಿಲ್ಲ. ಒಂಬತ್ತು ತಿಂಗಳಲ್ಲಿ 350 ಹೊಸ ಮಳಿಗೆ ಎಂಬ ಮಾತಿನಲ್ಲಿ ಅವರ ಕೆಲಸ ಅಡಗಿದೆ. ಹಾಲು, ಐಸ್‌ಕ್ರೀಮ್ ಇಡುವ ಪ್ರತಿ ಮಳಿಗೆಗೂ ತಂಪು ಬೇಕು. ಆ ಪತ್ರ ಹೋಗಬೇಕಾದದ್ದು ಸ್ಥಾಪಕರಿಗಲ್ಲ, ಮಳಿಗೆಗಳನ್ನು ಎಬ್ಬಿಸುವ ಹೊಣೆ ಹೊತ್ತವರಿಗೆ. ಹಣ ಬಂತು ಎಂಬುದಕ್ಕಿಂತ ಆ ಹಣದಿಂದ ಯಾರ ಮೇಜಿನ ಮೇಲೆ ಯಾವ ಹೊಸ ಕೆಲಸ ಬಂದು ಬಿತ್ತು ಎಂಬುದೇ ಪತ್ರದ ನಿಜವಾದ ಕಾರಣ.

ಇನ್ನು ಹಣದ ಸುದ್ದಿಯನ್ನು ನಂಬುವ ಮುನ್ನ ನೋಡಬೇಕಾದದ್ದೊಂದಿದೆ. ಪತ್ರಿಕೆಯಲ್ಲಿ ಸುದ್ದಿ ಬಂದ ದಿನವೇ ಹಣ ಬಂದ ದಿನವಾಗಿರಬೇಕಿಲ್ಲ. ಭಾರತದ ಖಾಸಗಿ ಕಂಪನಿಗಳು ಹೂಡಿಕೆದಾರರಿಂದ ಬಂಡವಾಳ ಪಡೆಯುವುದು ಹೆಚ್ಚಾಗಿ ಖಾಸಗಿ ಷೇರು ಹಂಚಿಕೆಯ ಮೂಲಕ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಷೇರು ಹಂಚಿದ 15 ದಿನಗಳೊಳಗೆ ಪಿಎಎಸ್-3 ಎಂಬ ನಮೂನೆಯನ್ನು ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಅದನ್ನು ಸಲ್ಲಿಸುವ ತನಕ ಬಂದ ಹಣವನ್ನು ಬಳಸುವಂತಿಲ್ಲ. ಆದ್ದರಿಂದ ಹಣ ಖರ್ಚಿಗೆ ಸಿಗುವ ಘಳಿಗೆಯನ್ನು ತಿಳಿಯಲು ಸುದ್ದಿಗಿಂತ ಈ ನಮೂನೆ ಹೆಚ್ಚು ಭರವಸೆಯದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿ ಒಂದು ಕಂಪನಿಯ ಇಂಥ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಎಷ್ಟು ಷೇರು, ಯಾವ ಬೆಲೆಗೆ, ಯಾವ ದಿನ ಹಂಚಲಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ‘ನಿಯಂತ್ರಕರಿಗೆ ಸಲ್ಲಿಸಿದ ದಾಖಲೆಗಳ ಪ್ರಕಾರ’ ಎಂದು ಸುದ್ದಿಗಾರರು ಬರೆಯುವಾಗ ಸಾಮಾನ್ಯವಾಗಿ ಅವರ ಕೈಯಲ್ಲಿರುವುದು ಇವೇ ಕಾಗದಗಳು.

ಅದೇ ದಾಖಲೆ ಇನ್ನೊಂದು ಮೋಸವನ್ನೂ ತಪ್ಪಿಸುತ್ತದೆ. ದೊಡ್ಡ ಮೊತ್ತದ ಕೆಲವು ಸುತ್ತುಗಳಲ್ಲಿ ಹಳೆಯ ಹೂಡಿಕೆದಾರರೋ ಸ್ಥಾಪಕರೋ ತಮ್ಮ ಷೇರುಗಳನ್ನು ಹೊಸಬರಿಗೆ ಮಾರುತ್ತಾರೆ. ಕಸುಬಿನವರು ಇದಕ್ಕೆ ಸೆಕೆಂಡರಿ ಎನ್ನುತ್ತಾರೆ. ಆ ಹಣ ಮಾರಿದವರ ಕಿಸೆಗೆ ಹೋಗುತ್ತದೆ, ಕಂಪನಿಗೆ ಬಿಡಿಗಾಸೂ ಬರುವುದಿಲ್ಲ. ಹೊಸ ಷೇರು ಹುಟ್ಟದ ಕಾರಣ ಪಿಎಎಸ್-3 ಕೂಡ ಇರುವುದಿಲ್ಲ. ಬಂದದ್ದು ಆಸ್ತಿ ಆಧಾರದ ಸಾಲವಾದರೆ ಅದು ‘ಚಾರ್ಜ್’ ಎಂದು ನೋಂದಣಿಯಾಗಿರುತ್ತದೆ. ಸಾಲ ಮಾಡಿದ ಕಂಪನಿಗೆ ‘ನೀವೀಗ ಬೆಳೆಯುತ್ತಿದ್ದೀರಿ’ ಎಂದು ಬರೆದರೆ, ಅವರು ಅದೇ ತಿಂಗಳು ಖರ್ಚಿಗೆ ಕಡಿವಾಣ ಹಾಕುತ್ತಿರಬಹುದು.

ಚಿಕ್ಕ ವ್ಯವಹಾರದವರಿಗೆ ಬಂಡವಾಳದ ಸುದ್ದಿಗಿಂತ ಕೆಲಸದ ಜಾಹೀರಾತು ಹೆಚ್ಚು ಉಪಯೋಗಿ. ಅದನ್ನು ಕಂಪನಿಯೇ ಬರೆದಿರುತ್ತದೆ, ಹುದ್ದೆ ಯಾವುದು, ಊರು ಯಾವುದು, ಎಷ್ಟು ಜನ ಎಂಬುದನ್ನು ತಾನೇ ಹೇಳಿರುತ್ತದೆ. ಮೇಲಾಗಿ ಅಭಿನಂದಿಸುವವರ ನೂಕುನುಗ್ಗಲು ಅಲ್ಲಿರುವುದಿಲ್ಲ.

ಕಲ್ಪಿತ ಉದಾಹರಣೆಯೊಂದನ್ನು ಬಿಡಿಸಿ ನೋಡಬಹುದು. ಜಯನಗರದಲ್ಲಿ ಮೂವರು ಸೇರಿ ನಡೆಸುವ ಪೇರೋಲ್ ಸೇವೆಯ ಕಚೇರಿಯೊಂದಿದೆ ಎಂದುಕೊಳ್ಳೋಣ. ಬೇರೆ ಕಂಪನಿಗಳ ಸಂಬಳದ ಲೆಕ್ಕ, ಪಿಎಫ್, ವೃತ್ತಿ ತೆರಿಗೆ ನೋಡಿಕೊಳ್ಳುವುದು ಇವರ ಕೆಲಸ. ಎಚ್‌ಎಸ್‌ಆರ್ ಬಡಾವಣೆಯ, 14 ಜನರ ಒಂದು ಸಾಫ್ಟ್‌ವೇರ್ ಕಂಪನಿ ಒಂಬತ್ತು ಹುದ್ದೆಗಳಿಗೆ ಅರ್ಜಿ ಕರೆದಿದೆ: ಬೆಂಗಳೂರಿನಲ್ಲಿ ಆರು, ಪುಣೆಯಲ್ಲಿ ತೆರೆಯಲಿರುವ ಕಚೇರಿಗೆ ಮೂರು.

ಜಯನಗರದವರು ಮಾಡಬೇಕಾದ ಮೊದಲ ಕೆಲಸ ಕೂಡುವ ಲೆಕ್ಕ. ಹದಿನಾಲ್ಕಕ್ಕೆ ಒಂಬತ್ತು ಸೇರಿದರೆ 23. ಪಿಎಫ್ ಕಡ್ಡಾಯವಾಗುವುದು 20 ಜನರಾದಾಗ, ಅಂದರೆ ಹೊಸಬರಲ್ಲಿ ಆರನೆಯವರು ಸೇರಿದ ದಿನ. ಅಲ್ಲಿಂದ ಮುಂದೆ ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎರಡನೆಯದು ಪುಣೆಯ ವಿಷಯ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ವೃತ್ತಿ ತೆರಿಗೆ ಇಲ್ಲ. ಮಹಾರಾಷ್ಟ್ರದಲ್ಲಿ 25,000ದವರೆಗಿನ ವಿನಾಯಿತಿ ಮಹಿಳೆಯರಿಗೆ ಮಾತ್ರ. ಪುರುಷರಿಗೆ 7,500 ದಾಟಿದರೆ ತೆರಿಗೆ ಶುರು. ಬೆಂಗಳೂರಿನ ಸೂತ್ರವನ್ನೇ ಪುಣೆಯ ಸಂಬಳಕ್ಕೂ ಹಾಕಿದರೆ ಮೊದಲ ತಿಂಗಳೇ ಲೆಕ್ಕ ತಪ್ಪುವ ಸಾಧ್ಯತೆ ಇದೆ. ಜೊತೆಗೆ ಮಹಾರಾಷ್ಟ್ರದಲ್ಲಿ ಪ್ರತ್ಯೇಕ ನೋಂದಣಿಯೂ ಆಗಬೇಕು.

ಇಲ್ಲೇ ಒಂದು ಎಡವಟ್ಟು ಕಾದಿರುತ್ತದೆ. ‘ನೀವು ಇನ್ನು ಪಿಎಫ್ ನೋಂದಣಿ ಮಾಡಿಸಬೇಕಾಗುತ್ತದೆ’ ಎಂದು ಬರೆದರೆ ಮಾತು ತಪ್ಪಾಗಬಹುದು. 2020ರ ಫೆಬ್ರುವರಿಯ ನಂತರ ಸ್ಥಾಪನೆಯಾದ ಕಂಪನಿಗಳಿಗೆ ನೋಂದಣಿಯ ಹೊತ್ತಿನಲ್ಲೇ ಪಿಎಫ್ ಸಂಖ್ಯೆ ಸಿಕ್ಕಿರುತ್ತದೆ. ಜನರ ಸಂಖ್ಯೆ ಮಿತಿ ಮುಟ್ಟುವವರೆಗೆ ವಂತಿಗೆ ಕಟ್ಟುವ ಹೊಣೆ ಮಾತ್ರ ಶುರುವಾಗಿರುವುದಿಲ್ಲ. ಗುತ್ತಿಗೆಯ ಸೆಕ್ಯುರಿಟಿ, ಶುಚಿತ್ವದ ಕೆಲಸದವರೂ ಎಣಿಕೆಗೆ ಬರುವುದರಿಂದ ಕಂಪನಿ ಈಗಾಗಲೇ 20 ಮುಟ್ಟಿರಲೂಬಹುದು. ಹೊರಗಿನಿಂದ ನೋಡುವವರಿಗೆ ಇದು ತಿಳಿಯುವುದಿಲ್ಲ, ಹಾಗಾಗಿ ತಿಳಿದಂತೆ ಬರೆಯಬಾರದು.

ಇಷ್ಟೆಲ್ಲ ನೋಡಿಕೊಂಡ ಮೇಲೆ, ಕಂಪನಿಯ ಹಣಕಾಸು ವ್ಯವಸ್ಥಾಪಕರಿಗೆ ಹೋಗುವ ಪತ್ರ ಹೀಗಿರಬಹುದು:

‘ನಿಮ್ಮ ಜಾಲತಾಣದಲ್ಲಿ ಒಂಬತ್ತು ಹುದ್ದೆಗಳ ಜಾಹೀರಾತು ನೋಡಿದೆ, ಅವುಗಳಲ್ಲಿ ಮೂರು ಪುಣೆಯವು. ಮಹಾರಾಷ್ಟ್ರದ ವೃತ್ತಿ ತೆರಿಗೆಯ ನೋಂದಣಿ ಮತ್ತು ಸಂಬಳದ ಹಂತಗಳು ಇಲ್ಲಿಗಿಂತ ಬೇರೆ. ಮೊದಲ ಸಂಬಳಕ್ಕೆ ಮುಂಚೆ ಅದು ಸಿದ್ಧವಿರಬೇಕು. ಗುತ್ತಿಗೆಯವರೂ ಸೇರಿ ಒಟ್ಟು 20 ಜನ ಆಗುವುದಾದರೆ ಪಿಎಫ್ ವಂತಿಗೆಯೂ ಆ ತಿಂಗಳಿಂದಲೇ ಶುರುವಾಗುತ್ತದೆ. ನಾವು ಬೆಂಗಳೂರಿನ ಸಣ್ಣ ಕಂಪನಿಗಳಿಗೆ ಈ ಎರಡೂ ಕೆಲಸ ಮಾಡಿಕೊಡುತ್ತೇವೆ. ಪುಣೆಯ ನೋಂದಣಿಗೆ ಬೇಕಾದ ಕಾಗದಗಳ ಪಟ್ಟಿ ಕಳುಹಿಸಲೇ?’

ಬೆಂಗಳೂರಿನಲ್ಲಿ ಇಂಥ ಪತ್ರ ಹೋಗುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಆದರೂ ಹೇಳುವ ಕ್ರಮ ಇದೇ. ಜಾಹೀರಾತಿನ ಸಾಲನ್ನು ಇದರಿಂದ ತೆಗೆದರೆ ಪತ್ರ ಕುಸಿಯುತ್ತದೆ. ವಿಷಯ ಎಲ್ಲಿ ಸಿಕ್ಕಿತೆಂದು ಮೊದಲೇ ಹೇಳಿರುವುದರಿಂದ ಓದುವವರಿಗೆ ಯಾರೋ ಹಿಂದೆ ಬಿದ್ದಿದ್ದಾರೆಂಬ ಕಸಿವಿಸಿ ಹುಟ್ಟುವುದಿಲ್ಲ. ಕೇಳಿದ್ದೂ ಅರ್ಧ ಗಂಟೆಯ ಭೇಟಿಯನ್ನಲ್ಲ, ಒಂದು ಪಟ್ಟಿ ಕಳುಹಿಸಲು ಒಪ್ಪಿಗೆಯನ್ನು.

ಯಾವಾಗ ಕಳುಹಿಸಬೇಕು ಎಂಬುದಕ್ಕೆ ಉತ್ತರ ಪ್ರತಿ ಕಸುಬಿಗೂ ಬೇರೆ. ಐಟಿ ವಲಯದಲ್ಲಿ 60ರಿಂದ 90 ದಿನಗಳ ನೋಟಿಸ್ ಅವಧಿ ಸಾಮಾನ್ಯ. ಇಂದು ಜಾಹೀರಾತು ಬಂದರೆ ಸಂದರ್ಶನ ಮುಗಿದು, ಆಯ್ಕೆಯಾದವರು ಹಳೆಯ ಕೆಲಸ ಬಿಟ್ಟು ಬರುವಷ್ಟರಲ್ಲಿ ಮೂರು ನಾಲ್ಕು ತಿಂಗಳು ಸರಿದಿರುತ್ತವೆ. ನೇಮಕಾತಿ ಏಜೆನ್ಸಿಯವರು ಜಾಹೀರಾತು ಬಂದ ವಾರವೇ ಬರೆಯದಿದ್ದರೆ ತಡವಾದಂತೆ. ಪೇರೋಲ್‌ನವರಿಗೆ ಒಂದೆರಡು ತಿಂಗಳ ಬಿಡುವಿದೆ. ಲ್ಯಾಪ್‌ಟಾಪ್ ಬಾಡಿಗೆಗೆ ಕೊಡುವವರು ಮೊದಲ ದಿನವೇ ಬರೆದರೆ ಆ ಪತ್ರ ಮರೆತುಹೋಗುತ್ತದೆ. ಜನ ಸೇರುವುದಕ್ಕೆ ಮೂರು ನಾಲ್ಕು ವಾರ ಮುಂಚೆ ಅದೇ ಪತ್ರಕ್ಕೆ ಬೆಲೆ ಬರುತ್ತದೆ. ‘ಸುದ್ದಿ ಬಂದ 24 ಗಂಟೆಯೊಳಗೆ ಬರೆಯಿರಿ’ ಎಂಬ ಉಪದೇಶ ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಜಾಹೀರಾತೂ ದಾರಿ ತಪ್ಪಿಸುವುದುಂಟು. ಬಿಟ್ಟುಹೋದವರ ಜಾಗ ತುಂಬಲು ಕರೆದ ಹುದ್ದೆಯಿಂದ ಜನರ ಸಂಖ್ಯೆ ಹೆಚ್ಚುವುದಿಲ್ಲ. ಅದೇ ಹುದ್ದೆ ಆರು ತಿಂಗಳಿಂದ ಮತ್ತೆ ಮತ್ತೆ ಹೊಸ ದಿನಾಂಕ ಹೊತ್ತು ಬರುತ್ತಿದ್ದರೆ, ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಒಟ್ಟು ಜನರ ಸಂಖ್ಯೆ ಇದ್ದಲ್ಲೇ ಇದ್ದರೆ, ಅದು ಬೆಳವಣಿಗೆಯ ಗುರುತಲ್ಲ. ಇನ್ನು ಕಂಪನಿ ಪೇರೋಲ್ ನೋಡಿಕೊಳ್ಳುವ ಹುದ್ದೆಗೇ ಅರ್ಜಿ ಕರೆದಿದ್ದರೆ ಜಯನಗರದವರು ಎರಡು ಬಾರಿ ಯೋಚಿಸಬೇಕು. ಆ ಕೆಲಸವನ್ನು ಒಳಗೇ ಮಾಡಿಕೊಳ್ಳುವ ತೀರ್ಮಾನ ಆಗಲೇ ಆಗಿರುತ್ತದೆ. ಹುದ್ದೆ ತುಂಬುವವರೆಗೆ ಮಧ್ಯದ ತಿಂಗಳುಗಳನ್ನು ನಿಭಾಯಿಸಿಕೊಡುವ ಪತ್ರವಾದರೆ ಮಾತ್ರ ಅಲ್ಲಿ ಜಾಗವಿದೆ.

ಬಳಸಲೇಬಾರದ ಘಟನೆಗಳೂ ಇವೆ. ನಿರ್ದೇಶಕರೊಬ್ಬರು ರಾಜೀನಾಮೆ ಕೊಟ್ಟದ್ದೂ ಸಾರ್ವಜನಿಕ ದಾಖಲೆಯಲ್ಲಿ ಸಿಗುತ್ತದೆ, ಜನರನ್ನು ಕೆಲಸದಿಂದ ತೆಗೆದ ಸುದ್ದಿಯೂ ಸಿಗುತ್ತದೆ. ಕಂಪನಿ ತಾನಾಗಿ ಎಲ್ಲರಿಗೂ ಸಾರಿದ ಸಂಗತಿಯನ್ನು ಎತ್ತಿಕೊಳ್ಳುವುದು ಬೇರೆ, ಅದು ನುಂಗಿಕೊಂಡ ನೋವನ್ನು ಕೆದಕಿ ವ್ಯಾಪಾರಕ್ಕಿಳಿಯುವುದು ಬೇರೆ. ಅಂಥ ಪತ್ರಕ್ಕೆ ಉತ್ತರ ಬರದಿರುವುದು ಸಹಜ, ಸರಿ ಕೂಡ.

ಜಯನಗರದವರಿಗೂ ಮೊದಲ ಪತ್ರಕ್ಕೆ ಉತ್ತರ ಬರದಿರಬಹುದು. ಆಗ ವಾರಕ್ಕೊಮ್ಮೆ ‘ನನ್ನ ಹಿಂದಿನ ಮೇಲ್ ನೋಡಿದಿರಾ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಹಾಗೆ ಬರುವ ಮೇಲ್‌ಗಳನ್ನು ಜನ ಸ್ಪ್ಯಾಮ್ ಎಂದು ಗುರುತು ಹಾಕುತ್ತಾರೆ. ಅಂಥ ದೂರು ಸಾವಿರಕ್ಕೆ ಮೂರು ಮುಟ್ಟುವಂತಾಗಬಾರದು ಎಂದು ಜಿಮೇಲ್ ಕಳುಹಿಸುವವರಿಗೆ ಎಚ್ಚರಿಸುತ್ತದೆ; ದೂರು ಹೆಚ್ಚಿದರೆ ಅವರ ಒಳ್ಳೆಯ ಪತ್ರಗಳೂ ತಲುಪಬೇಕಾದವರನ್ನು ತಲುಪದೆ ಹೋಗಬಹುದು. ಎರಡನೇ ಪತ್ರಕ್ಕೆ ಎರಡನೆಯದೊಂದು ಘಟನೆ ಬೇಕು. ಪುಣೆಯ ಹುದ್ದೆಗಳು ಜಾಹೀರಾತಿನಿಂದ ಇಳಿದವೆಂದರೆ ಜನ ಸಿಕ್ಕಿರಬಹುದು, ಅವರು ಸೇರುವ ದಿನ ಹತ್ತಿರವಾಗಿರಬಹುದು. ಆಗ ಎರಡೇ ಸಾಲು ಸಾಕು: ಪುಣೆಯವರು ಯಾವ ತಿಂಗಳು ಸೇರುತ್ತಾರೆ, ಮಹಾರಾಷ್ಟ್ರದ ನೋಂದಣಿ ಆಗಿದೆಯೇ. ಆಗಿದೆ ಎಂದು ಉತ್ತರ ಬಂದರೆ ಪತ್ರವ್ಯವಹಾರ ಅಲ್ಲಿಗೆ ಮುಗಿಯಿತು. ಇಲ್ಲವೆಂದರೆ ಕಾಗದಗಳ ಪಟ್ಟಿಯನ್ನು ಅಂದೇ ಕಳುಹಿಸಬೇಕು.