‘ದುಡ್ಡು ಕಟ್ ಆಯ್ತು, ಅಂಗಡಿಗೆ ಹೋಗಿಲ್ಲ’

ಯುಪಿಐನಲ್ಲಿ ಕಳಿಸಿದ ಹಣ ಖಾತೆಯಿಂದ ಹೋಗಿದೆ, ಅಂಗಡಿಯವರಿಗೆ ಬಂದಿಲ್ಲ. ಗಾಬರಿಯಾದ ಗ್ರಾಹಕರು ಆ್ಯಪಿನ ಸಹಾಯ ವಿಭಾಗದಲ್ಲಿ ‘ದುಡ್ಡು ಕಟ್ ಆಯ್ತು’ ಎಂದು ಹುಡುಕುತ್ತಾರೆ. ಫಲಿತಾಂಶ ಶೂನ್ಯ. ಉತ್ತರವೇನೋ ಅಲ್ಲೇ ಇದೆ, ‘ವಿಫಲ ವಹಿವಾಟುಗಳ ಮರುಪಾವತಿ ನೀತಿ’ ಎಂಬ ಶೀರ್ಷಿಕೆಯ ಕೆಳಗೆ.

ಹುಡುಕುವ ಯಂತ್ರ ಪ್ರತಿ ಸಲವೂ ಎಲ್ಲ ಲೇಖನಗಳನ್ನು ಓದುವುದಿಲ್ಲ. ಯಾವ ಪದ ಯಾವ ಲೇಖನದಲ್ಲಿದೆ ಎಂಬ ಸೂಚಿಯನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಪುಸ್ತಕದ ಕೊನೆಯ ಪದಸೂಚಿಯಂತೆ. ನೀವು ಬರೆದ ಪದ ಸೂಚಿಯಲ್ಲಿದ್ದರೆ ಲೇಖನ ಸಿಗುತ್ತದೆ. ಪದ ಶೀರ್ಷಿಕೆಯಲ್ಲೇ ಇದ್ದರೆ ಸಾಮಾನ್ಯವಾಗಿ ಹೆಚ್ಚು ಅಂಕ ಪಡೆದು ಲೇಖನ ಮೇಲೆ ಬರುತ್ತದೆ. ದೊಡ್ಡ ಸರ್ಚ್ ಎಂಜಿನ್‌ಗಳು ಕೋಟ್ಯಂತರ ಜನರ ಹುಡುಕಾಟದಿಂದ ಸಮಾನಾರ್ಥಕಗಳನ್ನು ಕಲಿತಿವೆ. ಒಂದು ಕಂಪನಿಯ ಒಳಗಿನ ಹುಡುಕಾಟಕ್ಕೆ ಆ ಅನುಭವವಿಲ್ಲ. ಹೇಳಿಕೊಡದಿದ್ದರೆ ಅದಕ್ಕೆ ‘ದುಡ್ಡು’ ಬೇರೆ, ‘ಹಣ’ ಬೇರೆ. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ವಿಭಕ್ತಿ ಪ್ರತ್ಯಯವನ್ನು ಕಳಚುವ ವ್ಯವಸ್ಥೆ ಇಲ್ಲದಿದ್ದರೆ ‘ಹಣ’ ಮತ್ತು ‘ಹಣವನ್ನು’ ಕೂಡ ಎರಡು ಪದಗಳೇ.

ಬರೆಯುವವರು ತಮಗೆ ಸಹಜವಾದ ಪದವನ್ನೇ ಗ್ರಾಹಕರೂ ಬಳಸುತ್ತಾರೆಂದು ನಂಬುತ್ತಾರೆ. 1987ರಲ್ಲಿ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ವಸ್ತುವಿಗೆ ಇಬ್ಬರು ತಾವಾಗಿಯೇ ಒಂದೇ ಹೆಸರನ್ನು ಆರಿಸುವ ಸಾಧ್ಯತೆ ಶೇ 20ಕ್ಕಿಂತಲೂ ಕಡಿಮೆ. ಹಾಗಾಗಿ ಶೀರ್ಷಿಕೆಯನ್ನು ಊಹಿಸಬಾರದು, ದಾಖಲೆಯಿಂದ ಎತ್ತಿಕೊಳ್ಳಬೇಕು. ಫಲಿತಾಂಶ ಸಿಗದ ಹುಡುಕಾಟಗಳ ಪಟ್ಟಿ ಮತ್ತು ದೂರುಗಳ ಮೊದಲ ಸಾಲು, ಇವೆರಡೇ ಒಳ್ಳೆಯ ಮೂಲಗಳು.

ನಮ್ಮ ಉದಾಹರಣೆಯಲ್ಲಿ ಶೀರ್ಷಿಕೆ ‘ದುಡ್ಡು ಕಟ್ ಆಯ್ತು, ಅಂಗಡಿಗೆ ಹೋಗಿಲ್ಲ’ ಎಂದಾಗಲಿ. ‘ಹಣ’, ‘ಪೇಮೆಂಟ್ ಫೇಲ್’ ಮುಂತಾದವು ಮೊದಲ ಪ್ಯಾರಾಕ್ಕೂ ಸಮಾನಾರ್ಥಕಗಳ ಪಟ್ಟಿಗೂ ಹೋಗಲಿ. ಎಲ್ಲವನ್ನೂ ಶೀರ್ಷಿಕೆಗೇ ತುರುಕಿದರೆ ಯಂತ್ರಕ್ಕೆ ಸಿಕ್ಕೀತು, ಆದರೆ ಇದು ತಮ್ಮದೇ ಸಮಸ್ಯೆ ಎಂದು ಓದುಗರಿಗೆ ಗುರುತು ಸಿಗುವುದಿಲ್ಲ. ತಪ್ಪು ನಂಬರಿಗೆ ಹೋದ ದುಡ್ಡು ಬೇರೆ ಸಮಸ್ಯೆ, ಅದರ ಪರಿಹಾರವೂ ಬೇರೆ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಶೀರ್ಷಿಕೆ ಬದಲಿಸಿದ ಮೇಲೆ ಶೂನ್ಯ ಫಲಿತಾಂಶಗಳು ಇಳಿದರೆ ಸಾಲದು. ಲೇಖನ ತೆರೆದವರು ಮತ್ತೆ ದೂರು ಕೊಡುತ್ತಿದ್ದಾರೆಯೇ ನೋಡಬೇಕು. ಕೊಡುತ್ತಿದ್ದರೆ ಶೀರ್ಷಿಕೆ ಸರಿಯಿದೆ, ಉತ್ತರ ಸರಿಯಿಲ್ಲ. ಇಲ್ಲಿ ಉತ್ತರ ಸ್ಪಷ್ಟವಾಗಿಯೇ ಇದೆ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ವ್ಯಾಪಾರಿಗೆ ಖಚಿತವಾಗದ ಯುಪಿಐ ಪಾವತಿ ವಹಿವಾಟಿನ ದಿನದ ನಂತರ 5 ದಿನಗಳೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸಹಾಯ ಲೇಖನ ಬರೆಯುವವರೇ, ನೀತಿಯ ಹೆಸರನ್ನು ಕೆಳಗಿಳಿಸಿ, ಈ ಎರಡು ವಾಕ್ಯಗಳನ್ನು ಶೀರ್ಷಿಕೆಯ ಕೆಳಗೇ ಇಡಿ.